ಪದ ಬೇಕಿತ್ತು, ನಾಳೆ ಸಂಜೆಯೊಳಗೆ: ಬ್ರೋಷರ್ ಅಚ್ಚಿಗೆ ಕೊಡುವ ಮುಂಚೆ ನೋಡುವ ‘ಬ್ಲೀಡ್’, ‘ಸೇಫ್ ಮಾರ್ಜಿನ್’

ಹೊಸಹಾಳೆ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಗೋಡೆಗೆ ಹಾಕುವ ಬೋರ್ಡ್ ಬರೆದುಕೊಡುತ್ತಿದ್ದೇನೆ. ಗಿರಾಕಿಗಳು ಫೈಲ್ ಕೊಡುವ ಮುಂಚೆ ತಾವೇ ನೋಡಿಕೊಳ್ಳಬೇಕಾದ ನಾಲ್ಕು ಸಂಗತಿ ಅದರಲ್ಲಿ ಇರಬೇಕು: ಬ್ಲೀಡ್, ಸೇಫ್ ಮಾರ್ಜಿನ್, ಕಲರ್ ಮೋಡ್, ಫೋಟೋ ರೆಸಲ್ಯೂಷನ್. ಬರುವವರು ಹೋಂಸ್ಟೇಯವರು, ಸಂಘದವರು, ಶಾಲೆಯವರು. ಹೆಚ್ಚಿನವರು ಮೊಬೈಲ್‌ನಲ್ಲೇ ಡಿಸೈನ್ ಮಾಡಿ ತರುತ್ತಾರೆ. ಹಳೆಯ ಕರಡಿನಲ್ಲಿ ಯಾರೋ ‘ರಕ್ತಸ್ರಾವ 3 ಮಿ.ಮೀ.’ ಅಂತ ಬರೆದಿದ್ದಾರೆ. ಅದನ್ನಂತೂ ಹಾಕಲಾರೆ. ನಾಳೆ ಸಂಜೆ ಬೋರ್ಡ್ ಅಚ್ಚಿಗೆ ಹೋಗುತ್ತದೆ. ಮುಖ್ಯವಾಗಿ ಬ್ಲೀಡ್‌ಗೆ ಒಂದು ಪದ ಹೇಳಿ.

ನೇರನುಡಿ:
ಹೊರಚಾಚು. ಮಾರ್ಜಿನ್‌ಗೆ ಒಳಬಿಡು. ಎರಡೂ ಜೋಡಿಯಾಗಿ ನಿಲ್ಲುತ್ತವೆ, ಒಂದು ಹೊರಗೆ, ಒಂದು ಒಳಗೆ. ರೆಸಲ್ಯೂಷನ್‌ಗೆ ಚುಕ್ಕಿದಟ್ಟಣೆ. ಕಲರ್ ಮೋಡ್‌ಗೆ ಬಣ್ಣದ ಬಗೆ. ಕನ್ನಡದಲ್ಲೇ ಬೇರು ಇರುವಾಗ ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ.

ಕಾಡಂಚು:
ಇದು ಬಣ್ಣ ಹರಡುವ ವಿಷಯ ತಾನೇ? ನಮ್ಮ ಮನೆ ಮದುವೆ ಕಾರ್ಡಿನಲ್ಲಿ ಕೆಂಪು ಬಣ್ಣ ಹಿಂದಿನ ಕಾರ್ಡಿಗೆಲ್ಲ ಹತ್ತಿಕೊಂಡಿತ್ತು. ಬಟ್ಟೆಯಲ್ಲಿ ಬಣ್ಣ ಬಿಡುತ್ತೆ ಅಂತೀವಲ್ಲ, ಹಾಗೆ ‘ಬಣ್ಣ ಬಿಡುವಿಕೆ’ ಅಂದರೆ ಸಾಕಾಗುವುದಿಲ್ಲವೇ?

ಅಚ್ಚುಮೊಳೆ:
ಕಾಡಂಚು ಅವರೇ, ಅದು ಬೇರೆ. ನಿಮ್ಮ ಕಾರ್ಡಿನಲ್ಲಿ ಆದದ್ದು ಇಂಕ್ ಒಣಗುವ ಮುಂಚೆ ಒಂದರ ಮೇಲೊಂದು ಪೇರಿಸಿದ್ದಕ್ಕೆ. ಅದು ಪ್ರೆಸ್ಸಿನವರ ತಪ್ಪು, ಫೈಲಿನದ್ದಲ್ಲ. ಇಲ್ಲಿ ಮೇಡಂ ಕೇಳುತ್ತಿರುವುದು ಕಟಿಂಗ್ ವಿಷಯ.

ಅಚ್ಚಾದ ಹಾಳೆಗಳನ್ನು ಒಂದೊಂದಾಗಿ ಯಾರೂ ಕತ್ತರಿಸುವುದಿಲ್ಲ. ಕಟ್ಟು ಮಾಡಿ ಕಟಿಂಗ್ ಮೆಷಿನ್ನಿಗೆ ಇಡುತ್ತಾರೆ. ಬ್ಲೇಡ್ ಇಳಿಯುವಾಗ ಕಟ್ಟು ಒಂಚೂರು ಜರುಗುತ್ತದೆ. ಮೇಲಿನ ಹಾಳೆಗೂ ಕೆಳಗಿನದಕ್ಕೂ ಅರ್ಧ ಮಿ.ಮೀ., ಒಂದು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತೆ. ಚಿತ್ರ ಸರಿಯಾಗಿ ಕಟಿಂಗ್ ಗೆರೆಗೇ ನಿಂತಿದ್ದರೆ ಕೆಲವು ಹಾಳೆಗಳ ತುದಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ಅದು ಕಾಣಬಾರದು ಅಂತ ಚಿತ್ರವನ್ನು ಗೆರೆಯಿಂದ 3 ಮಿ.ಮೀ. ಆಚೆಗೂ ಎಳೆದಿರಬೇಕು. ಆಚೆಗಿನದು ಕತ್ತರಿಸಿ ರದ್ದಿಗೆ ಹೋಗುತ್ತದೆ.

ಮಾರ್ಜಿನ್ ಇದೇ ಜರುಗುವಿಕೆಯ ಇನ್ನೊಂದು ಮುಖ. ಬ್ಲೇಡ್ ಒಳಕ್ಕೂ ಬರಬಹುದು ತಾನೇ? ಅದಕ್ಕೇ ಫೋನ್ ನಂಬರು, ಲೋಗೋ ಗೆರೆಯಿಂದ 5 ಮಿ.ಮೀ. ಒಳಗಿರಬೇಕು.

ಎ4 ಬ್ರೋಷರ್ ಮುಗಿದ ಅಳತೆ 297 × 210. ಫೈಲ್ 303 × 216 ಇರಬೇಕು. ನಾವು ದಿನಾ ಹೇಳುವ ಮಾತು ‘ಬ್ಲೀಡ್ ಬಿಟ್ಟಿದ್ದೀರಾ?’ ಅಂತ. ಹೊರಚಾಚು ಅಂದರೆ ಕಟಿಂಗ್‌ನವನು ನನ್ನ ಮುಖ ನೋಡುತ್ತಾನೆ.

ನೇರನುಡಿ:
ಕಟಿಂಗ್‌ನವರಿಗೆ ಮೊದಲ ದಿನ ‘ಬ್ಲೀಡ್’ ಕೂಡ ಗೊತ್ತಿರಲಿಲ್ಲ. ಬಳಸಿದರೆ ತಿಳಿಯುತ್ತದೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಬಂದದ್ದು ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದು. ಅದನ್ನು ನಾವು ಕಲ್ಲಚ್ಚು ಎನ್ನುತ್ತೇವೆ. ಲಿಥೋಗ್ರಫಿ ಎಂದು ಹೇಳಿ ಯಾರಿಗಾದರೂ ಅರ್ಥ ಮಾಡಿಸಿ ನೋಡೋಣ. ಕರಡು, ಅಚ್ಚುಮೊಳೆ, ಅಚ್ಚುಕೂಟ ಎಲ್ಲವೂ ಈ ಕಸುಬಿನಲ್ಲೇ ನಿಂತ ಪದಗಳು. ನಿಮ್ಮ ಹೆಸರೇ ಅಂಥದ್ದು.

ಶಬ್ದಮಣಿ:
‘ಬಣ್ಣದ ಬಗೆ’ ಶುದ್ಧ ಕನ್ನಡ ಎಂದುಕೊಂಡಿದ್ದರೆ ಮರೆತುಬಿಡಿ. ಬಣ್ಣ ಎಂಬುದು ವರ್ಣದ ತದ್ಭವ. ಕಾಗದ ಪಾರಸಿಯಿಂದ ಬಂದದ್ದು. ಶಾಯಿ ಕೂಡ ಪಾರಸಿ, ‘ಸಿಯಾಹ್’ ಎಂದರೆ ಕಪ್ಪು, ಅದರಿಂದ ಸಿಯಾಹಿ. ಅಂದರೆ ‘ನೀಲಿ ಶಾಯಿ’ಯ ಬೇರು ಹಿಡಿದರೆ ನೀಲಿ ಕಪ್ಪು ಎಂದಾಗುತ್ತದೆ. ಹೀಗಿದ್ದೂ ಯಾರಿಗೂ ತೊಂದರೆ ಆಗಿಲ್ಲ. ಕಾಗದ, ಶಾಯಿ, ಬಣ್ಣ ಮೂರೂ ಹೊರಗಿನಿಂದ ಬಂದವು. ಬ್ಲೀಡ್ ಒಂದೇ ಯಾಕೆ ಬಾಗಿಲಲ್ಲಿ ನಿಲ್ಲಬೇಕು?

ನೇರನುಡಿ:
ತದ್ಭವ ಕನ್ನಡದ್ದೇ. ನಾಲಿಗೆಗೆ ಒಗ್ಗಿದ್ದು ನಮ್ಮದು. ಈ ವಾದ ಹಳತು, ಮತ್ತೆ ಬೇಡ.

ಹೊಸಹಾಳೆ:
ದಯವಿಟ್ಟು ಬೋರ್ಡಿಗೆ ಬನ್ನಿ. ಅಚ್ಚುಮೊಳೆ ಸರ್, ಒಂದು ಅನುಮಾನ. ಬ್ಲೀಡ್ ಇಲ್ಲದ ಫೈಲ್ ತಂದವರಿಗೆ ಇಡೀ ಪುಟವನ್ನು ಸ್ವಲ್ಪ ದೊಡ್ಡದು ಮಾಡಿಕೊಟ್ಟರೆ ಸಾಕಲ್ವಾ? ಪ್ರೆಸ್ಸಿನ ಹುಡುಗರು ಹಾಗೇ ಮಾಡುವುದನ್ನು ನೋಡಿದೆ. ಸಾಕು ಅಂತಾದರೆ ಬೋರ್ಡಿನಲ್ಲಿ ಅಷ್ಟು ಗಟ್ಟಿಯಾಗಿ ಬರೆಯಬೇಕಿಲ್ಲ.

ಅಚ್ಚುಮೊಳೆ:
ಗಟ್ಟಿಯಾಗಿಯೇ ಬರೆಯಿರಿ. ಮಡಿಕೆ ಇಲ್ಲದ ಒಂದೇ ಹಾಳೆಗೆ ಹೇಗೋ ನಡೆಯುತ್ತದೆ. ಮೂರು ಮಡಿಕೆಯ ಬ್ರೋಷರಿಗೆ ನಡೆಯುವುದಿಲ್ಲ.

ಲೆಕ್ಕ ನೋಡಿ. ಎ4 ಅಡ್ಡ ಹಾಳೆಯಲ್ಲಿ ಭಾಗಗಳು 97, 100, 100. ಒಳಕ್ಕೆ ಮಡಚಿಕೊಳ್ಳುವ ಭಾಗ 3 ಮಿ.ಮೀ. ಕಿರಿದು. ಮೂರೂ 99 ಮಾಡಿದರೆ ಒಳಗಿನದು ಮಡಿಕೆಗೆ ತಾಗಿ ಉಬ್ಬುತ್ತದೆ, ಬ್ರೋಷರ್ ಚಪ್ಪಟೆ ಕೂರುವುದಿಲ್ಲ. ಈಗ 210 ಎತ್ತರವನ್ನು 216 ಮಾಡಲು ಪುಟವನ್ನು ಶೇ. 2.86ರಷ್ಟು ಹಿಗ್ಗಿಸಬೇಕು. ಅಗಲಕ್ಕೆ ಶೇ. 2.02 ಸಾಕಾಗಿತ್ತು. ಬೇರೆ ಬೇರೆ ಹಿಗ್ಗಿಸಿದರೆ ಫೋಟೋದಲ್ಲಿ ಮುಖಗಳು ಎಳೆದಂತೆ ಕಾಣುತ್ತವೆ. ಹಾಗಾಗಿ ಎರಡಕ್ಕೂ 2.86 ಹಾಕುತ್ತಾರೆ. ಆಗ ಎಡಗಡೆಯ ಮಡಿಕೆ, ನಡುವಿನಿಂದ 51.5 ಮಿ.ಮೀ. ಇದ್ದದ್ದು, 53ಕ್ಕೆ ಹೋಗುತ್ತದೆ. ಕ್ರೀಸಿಂಗ್ ಮೆಷಿನ್ ಮಾತ್ರ 97ರಲ್ಲೇ ಗೀಟು ಹಾಕುತ್ತದೆ. ಡಿಸೈನಿನ ಮಡಿಕೆಗೂ ಕಾಗದದ ಮಡಿಕೆಗೂ ಒಂದೂವರೆ ಮಿ.ಮೀ. ತಪ್ಪು. ಒಂದು ಭಾಗ ಹಸಿರು, ಪಕ್ಕದ್ದು ಬಿಳಿ ಇದ್ದರೆ ಆ ತಪ್ಪು ಹಸಿರು ಪಟ್ಟಿಯಾಗಿ ಬಿಳಿಯ ಮೇಲೆ ಬರುತ್ತದೆ. ಜೊತೆಗೆ ಅಂಚಿನಿಂದ 5 ಮಿ.ಮೀ. ಒಳಗಿದ್ದ ಫೋನ್ ನಂಬರು ಮೇಲೆ ಕೆಳಗೆ 2 ಮಿ.ಮೀ. ಚಿಲ್ಲರೆಗೆ ಬಂದಿರುತ್ತದೆ. ಬಿಳಿ ಗೆರೆ ತಪ್ಪಿಸಲು ಹೋಗಿ ಮಾರ್ಜಿನ್ನೇ ಹೋಯಿತು.

ಗಣಕಸ್ನೇಹಿ:
ರೆಸಲ್ಯೂಷನ್ ಬಗ್ಗೆ ಇಷ್ಟು ಯೋಚನೆ ಬೇಕಿಲ್ಲ. ಫೋಟೋ 300 ಡಿಪಿಐ ಇರಬೇಕು, ಅಷ್ಟೇ. ಫೋಟೋಶಾಪ್‌ನಲ್ಲಿ ತೆರೆದು ಆ ಅಂಕಿ 300 ಮಾಡಿ ಸೇವ್ ಮಾಡಿದರೆ ಮುಗಿಯಿತು. ಬೋರ್ಡಿನಲ್ಲಿ ‘300 ಡಿಪಿಐ’ ಎಂದೇ ಹಾಕಿ, ಎಲ್ಲರಿಗೂ ಗೊತ್ತು.

ಅಚ್ಚುಮೊಳೆ:
300 ಸರಿ. ಅಂಕಿ ಬದಲಿಸಿದರೆ ಮುಗಿಯಿತು ಅನ್ನುವುದು ತಪ್ಪು. ಹೋದ ತಿಂಗಳು ಬಂದ ಹೋಂಸ್ಟೇ ಫೈಲ್ ನೋಡಿ. ಮುಖಪುಟದ ಭಾಗಕ್ಕೆ ಮೇಲಿಂದ ಕೆಳಗಿನವರೆಗೆ ಫೋಟೋ. ಬ್ಲೀಡ್ ಸೇರಿ ಎತ್ತರ 216 ಮಿ.ಮೀ., ಅಂದರೆ ಎಂಟೂವರೆ ಇಂಚು. ಇಂಚಿಗೆ 300ರಂತೆ 2550 ಪಿಕ್ಸೆಲ್ ಬೇಕು. ಆದರೆ ಫೋಟೋ ವಾಟ್ಸಾಪ್‌ನಲ್ಲಿ ಬಂದದ್ದು, ಉದ್ದನೆಯ ಬದಿ 1600 ಪಿಕ್ಸೆಲ್. ಭಾಗಿಸಿದರೆ ಇಂಚಿಗೆ 188. ಫೈಲ್ ತೆರೆದರೆ ಮಾತ್ರ 300 ಅಂತಲೇ ತೋರಿಸುತ್ತಿತ್ತು, ಯಾರೋ ನೀವು ಹೇಳಿದಂತೆ ಅಂಕಿ ತಿದ್ದಿದ್ದರು. ಅಂಕಿ ತಿದ್ದಿದರೆ ತೋಟದ ಎಲೆಗಳು ಹುಟ್ಟಿಕೊಳ್ಳುವುದಿಲ್ಲ. ಅಡಿಕೆ ಮರದ ತುದಿಗಳೆಲ್ಲ ಒಂದೇ ಹಸಿರು ಮುದ್ದೆಯಾಗಿದ್ದವು. ಇನ್‌ಡಿಸೈನ್‌ನಲ್ಲಿ ಇಟ್ಟು `Effective PPI` ನೋಡಿದಾಗ ನಿಜ ಗೊತ್ತಾಯಿತು. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿ ಅಂದೆ. ಮೂಲ ಅಳತೆಯಲ್ಲೇ ಬಂತು, ಕೆಲಸ ಆಯಿತು.

ಬೋರ್ಡಿನಲ್ಲಿ ‘300 ಡಿಪಿಐ’ ಅಂತ ಮಾತ್ರ ಹಾಕಿದರೆ ಎಲ್ಲರೂ ಅಂಕಿ ತಿದ್ದಿಕೊಂಡೇ ಬರುತ್ತಾರೆ.

ಗಣಕಸ್ನೇಹಿ:
ಗೋಡೆ ಅಳತೆಯ ಫ್ಲೆಕ್ಸ್‌ಗೆ ಇಂಚಿಗೆ 72 ಕೊಟ್ಟರೂ ಚೆನ್ನಾಗಿ ಬರುತ್ತದೆಯಲ್ಲ?

ಅಚ್ಚುಮೊಳೆ:
ಫ್ಲೆಕ್ಸ್ ದೂರದಿಂದ ನೋಡುವುದು. ಬ್ರೋಷರ್ ಕೈಯಲ್ಲಿ ಹಿಡಿಯುವುದು.

ಶಬ್ದಮಣಿ:
ಕಲರ್ ಮೋಡ್ ಬಗ್ಗೆ ಯಾರೂ ಮಾತಾಡಿಲ್ಲ. ಅಚ್ಚಿನ ನಾಲ್ಕು ಇಂಕಿನ ಸಿಎಂವೈಕೆಯಲ್ಲಿ ‘ಕೆ’ ಎಂದರೆ ‘ಕೀ’, ಕಪ್ಪು ಪ್ಲೇಟಿಗೆ ಉಳಿದವನ್ನು ಹೊಂದಿಸುತ್ತಿದ್ದರಿಂದ ಬಂದ ಹೆಸರು ಎನ್ನುತ್ತಾರೆ. ಹಾಗಾಗಿ ಅದಕ್ಕೆ ‘ಮೂಲಗಪ್ಪು’ ಎನ್ನಬಹುದು. ಕಪ್ಪಿಗೆ ಗಕಾರ ಬರುವುದು ಆದೇಶ ಸಂಧಿಯ ನಿಯಮ. ‘ಮೂಲಕಪ್ಪು’ ಎಂದು ಬರೆದೀರಿ, ಜೋಕೆ.

ಅಚ್ಚುಮೊಳೆ:
ಸಂಧಿ ನೀವು ನೋಡಿಕೊಳ್ಳಿ. ಕಪ್ಪಿನ ತೊಂದರೆ ಬೇರೆ ಇದೆ, ಅದೂ ಕನ್ನಡ ಅಕ್ಷರಕ್ಕೆ ಜಾಸ್ತಿ.

ಪರದೆಯ ಬಣ್ಣದ ಆರ್‌ಜಿಬಿ ಫೈಲನ್ನು ಕೊನೆಗೆ ಸಿಎಂವೈಕೆ ಮಾಡಿದಾಗ ಕಪ್ಪು ಅಕ್ಷರ ಕಪ್ಪೊಂದರಲ್ಲೇ ಉಳಿಯುವುದಿಲ್ಲ. ಫೋಟೋಶಾಪ್‌ನ ಅಮೆರಿಕದ ಸೆಟ್ಟಿಂಗ್‌ನಲ್ಲಿ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ನಾಲ್ಕು ಪ್ಲೇಟಿನಲ್ಲೂ ಅದೇ ಅಕ್ಷರ ಬರುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು. ದೊಡ್ಡ ಹೆಡ್ಡಿಂಗಿನಲ್ಲಿ ಕಾಣಲಿಕ್ಕಿಲ್ಲ. 8 ಪಾಯಿಂಟಿನ ‘ರಾಷ್ಟ್ರೀಯ’ ಪದದಲ್ಲಿ ಒತ್ತಕ್ಷರದ ಸಂದೆಲ್ಲ ತುಂಬಿಕೊಂಡು ಕಲೆಯಂತೆ ಕಾಣುತ್ತದೆ. ಅಕ್ರೊಬ್ಯಾಟ್ ಪ್ರೊದಲ್ಲಿ `Output Preview` ತೆರೆದು `Process Black` ಟಿಕ್ ತೆಗೆಯಿರಿ. ಅಕ್ಷರ ಪೂರ್ತಿ ಮಾಯವಾದರೆ ಸರಿ. ಬಣ್ಣಬಣ್ಣದ ನೆರಳು ಉಳಿದರೆ ಫೈಲ್ ವಾಪಸ್.

ನೇರನುಡಿ:
ಈ ಮಾತು ಒಪ್ಪಿದೆ. ಹಾಗಾದರೆ ‘ಒಂಟಿ ಕಪ್ಪು’ ಅನ್ನಿ. ಎಲ್ಲರಿಗೂ ತಿಳಿಯುತ್ತದೆ.

ಅಚ್ಚುಮೊಳೆ:
ಚೆನ್ನಾಗಿದೆ. ನಾವು ‘ಸಿಂಗಲ್ ಬ್ಲ್ಯಾಕ್’ ಅಂತೀವಿ, ಅದೇ ಅರ್ಥ.

ಕಾಡಂಚು:
ನನ್ನ ಹೋಂಸ್ಟೇ ಬ್ರೋಷರಿನಲ್ಲಿ ಗದ್ದೆಯ ಹಸಿರು ಮೊಬೈಲಿನಲ್ಲಿ ಕಂಡಂತೆ ಬರಲೇ ಇಲ್ಲ, ಮಂಕಾಗಿತ್ತು. ಪ್ರೆಸ್ಸಿನವರು ಇಂಕ್ ಉಳಿಸಿದರು ಅಂದುಕೊಂಡಿದ್ದೆ.

ಅಚ್ಚುಮೊಳೆ:
ಇಲ್ಲ. ಪರದೆ ಬೆಳಕು ಬೀರುತ್ತದೆ, ಕಾಗದ ಬೀರುವುದಿಲ್ಲ. ಆ ಮಿಂಚುವ ಹಸಿರು ನಾಲ್ಕು ಇಂಕಿನಲ್ಲಿ ಸಿಗುವುದೇ ಇಲ್ಲ. ಫೈಲನ್ನು ಮೊದಲೇ ಸಿಎಂವೈಕೆಗೆ ತಿರುಗಿಸಿ ನೋಡಿದ್ದರೆ ಆ ಮಂಕು ಪರದೆಯಲ್ಲೇ ಸುಮಾರಾಗಿ ಕಾಣುತ್ತಿತ್ತು, ತಿದ್ದಿಕೊಳ್ಳಬಹುದಿತ್ತು.

ಹೊಸಹಾಳೆ:
ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಇದನ್ನು ಕಳಿಸುತ್ತಿದ್ದೇನೆ.

‘ಬ್ಲೀಡ್: ಚಿತ್ರ ಅಥವಾ ಬಣ್ಣ ಕಾಗದದ ತುದಿ ಮುಟ್ಟಬೇಕಿದ್ದರೆ ಕಟಿಂಗ್ ಗೆರೆಯಿಂದ 3 ಮಿ.ಮೀ. ಆಚೆಗೂ ಚಾಚಿರಲಿ.
ಒಳ ಅಂಚು: ಅಕ್ಷರ, ಲೋಗೋ ಗೆರೆಯಿಂದ 5 ಮಿ.ಮೀ. ಒಳಗಿರಲಿ.
ಬಣ್ಣ: ಫೈಲ್ ಸಿಎಂವೈಕೆ ಇರಲಿ. ಸಣ್ಣ ಅಕ್ಷರ ಒಂಟಿ ಕಪ್ಪಿನಲ್ಲಿರಲಿ.
ಫೋಟೋ: ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಲಿ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.’

ರೆಸಲ್ಯೂಷನ್‌ಗೆ ಪದ ಸಿಗಲಿಲ್ಲ, ಇಲ್ಲಿ ಅದು ಬೇಕಾಗಲೂ ಇಲ್ಲ.

ನೇರನುಡಿ:
ಚುಕ್ಕಿದಟ್ಟಣೆ ಕೊಟ್ಟಿದ್ದೆ. ನೀವು ಹಾಕಲಿಲ್ಲ ಅಷ್ಟೇ. ‘ಬ್ಲೀಡ್’ ಅನ್ನು ತಲೆಬರಹದಲ್ಲಿಟ್ಟು ‘ಚಾಚಿರಲಿ’ಯನ್ನು ಕೆಳಗೆ ತಳ್ಳಿದ್ದೀರಿ. ನನ್ನ ಒಪ್ಪಿಗೆ ಇಲ್ಲ.

ಶಬ್ದಮಣಿ:
‘ಒಳ ಅಂಚು’ ಬೇಡ, ‘ಒಳಂಚು’ ಎನ್ನಿ. ಲೋಪ ಸಂಧಿ.

ಅಚ್ಚುಮೊಳೆ:
ಒಳಂಚು ಅಂದರೆ ಯಾರಿಗೂ ತಿಳಿಯಲ್ಲ, ಬಿಡಿಸಿಯೇ ಬರೆಯಿರಿ. ಮೇಡಂ, ಒಂದು ಸೇರಿಸಿ: ಮಡಿಕೆಯ ಎರಡೂ ಕಡೆಗೂ ಅದೇ 5 ಮಿ.ಮೀ. ಇರಲಿ. ಎಲ್ಲರೂ ನಾಲ್ಕು ಅಂಚು ನೋಡುತ್ತಾರೆ, ಮಡಿಕೆ ಮರೆಯುತ್ತಾರೆ.