ಪದಚರ್ಚೆ: ತಂಡದ ‘ಫಾರ್ಮ್’ ಅಂದರೆ ‘ಲಯ’ವೇ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಹುಡುಗರ ಫುಟ್‌ಬಾಲ್ ಕ್ಲಬ್ಬಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಡ್ಯಾಶ್‌ಬೋರ್ಡ್ ಮಾಡುತ್ತಿದ್ದೇನೆ. ಪಂದ್ಯಗಳ ಒಂದು ಸಿಎಸ್‌ವಿ ಫೈಲು, ಪಾಂಡಾಸ್, ಸ್ಟ್ರೀಮ್‌ಲಿಟ್, ಅಷ್ಟೇ. ತಲೆಬರಹಗಳು ಕನ್ನಡದಲ್ಲೇ ಇರಬೇಕು ಅಂತ ಆಸೆ. ‘ಫಲಿತಾಂಶ’ ಸಲೀಸಾಗಿ ಸಿಕ್ಕಿತು, ‘ಫಾರ್ಮ್’ ಹತ್ತಿರ ಸಿಕ್ಕಿಕೊಂಡೆ. ಕ್ರೀಡಾಪುಟದಲ್ಲಿ ‘ಲಯಕ್ಕೆ ಮರಳಿದ ಬ್ಯಾಟರ್’ ಅಂತ ಓದುತ್ತೇವೆ, ಅಲ್ವಾ? ಕಳೆದ 5 ಪಂದ್ಯಗಳ ಅಂಕ ಕೂಡಿಸಿದಾಗ ಬರುವ ಸಂಖ್ಯೆಗೂ ‘ಲಯ’ ಅನ್ನಬಹುದೇ?

ಮಧುಗಿರಿಯಿಂದ: ಸ್ಟ್ರೀಮ್‌ಲಿಟ್‌ನ `st.form` ತಾನೇ? ನಾನು ನಮ್ಮ ಸಂಘದ ಸದಸ್ಯರ ಪುಟಕ್ಕೆ ‘ನಮೂನೆ’ ಅಂತ ಹಾಕಿದ್ದೇನೆ. ‘ಅರ್ಜಿ’ ಅಂದರೂ ನಡೆಯುತ್ತದೆ.

ತಿಪಟೂರಿನಿಂದ: ಮೇಡಂ, ಅವರು ಕೇಳಿದ್ದು ಆಟದ ಫಾರ್ಮ್. ನನಗೆ ‘ಲಯ’ ಬೇಡ ಅನಿಸುತ್ತದೆ. ಸೃಷ್ಟಿ, ಸ್ಥಿತಿ, ಲಯ ಅನ್ನುವಾಗ ಅದು ನಾಶ. ಸುಮ್ನೆ ‘5 ಪಂದ್ಯಗಳ ಸರಾಸರಿ’ ಅನ್ನಿ.

ಶಿರಾದಿಂದ: ‘ಲಯ’ಕ್ಕೆ ಹಾಡಿನಲ್ಲಿ ಬೇರೆ ಅರ್ಥವೇ ಇದೆ ಸರ್. ಕ್ರೀಡಾಪುಟ ಓದುವವರು ಯಾರೂ ನಾಶ ಅಂದುಕೊಳ್ಳುವುದಿಲ್ಲ. ಇಲ್ಲಿರುವುದು ಮೊತ್ತ, ಹಾಗಾಗಿ ‘ಸರಾಸರಿ’ ತಪ್ಪಾಗುತ್ತದೆ. ನನಗೆ ತೊಡಕು ಕಾಣುವುದು ‘ಕಳೆದ’ ಅನ್ನುವ ಪದದಲ್ಲಿ. ಆ ಸಾಲಿನ ಪಂದ್ಯವೂ ಕಳೆದ ಐದರಲ್ಲಿ ಸೇರಿತೋ ಇಲ್ಲವೋ? ನಿಮ್ಮ ಕೋಡ್ ಹೀಗಿದ್ದರೆ ಸೇರಿದೆ:

```
df["laya"] = df["points"].rolling(5).sum()
```

ಆರು ಪಂದ್ಯಗಳ ಅಂಕ 3, 1, 0, 3, 3, 0 ಅಂತಿಟ್ಟುಕೊಳ್ಳಿ. ಆರನೇ ಸಾಲಿನಲ್ಲಿ 7 ಬರುತ್ತದೆ. ಆದರೆ ಹುಡುಗರು ಆ ಪಂದ್ಯಕ್ಕೆ ಇಳಿದಾಗ ಅವರ ಕೈಯಲ್ಲಿದ್ದದ್ದು 10. ಸೋಲಿನ ಸೊನ್ನೆಯನ್ನು ಮೊದಲೇ ಸೇರಿಸಿಬಿಟ್ಟು, ‘ಲಯ ಕೆಟ್ಟಿತ್ತು, ಅದಕ್ಕೇ ಸೋತರು’ ಅಂದಂತಾಗುತ್ತದೆ. ಪಂದ್ಯಕ್ಕೆ ಮುಂಚಿನದು ಬೇಕಾದರೆ ಒಂದು ಸಾಲು ಕೆಳಗೆ ಸರಿಸಿ:

```
df["laya"] = df["points"].shift(1).rolling(5).sum()
```

ಸಾಲುಗಳು ದಿನಾಂಕದ ಕ್ರಮದಲ್ಲಿರಬೇಕು. ದಿನಾಂಕವನ್ನು ಪಠ್ಯವಾಗಿಯೇ ಬಿಟ್ಟರೆ 12-09 ಬಂದು 05-10ರ ಕೆಳಗೆ ಕೂರುತ್ತದೆ. ಆಗ ಎರಡು ಕೋಡೂ ಸುಳ್ಳು ಹೇಳುತ್ತವೆ.

ಮತ್ತೆ ತುಮಕೂರಿನಿಂದ: ಶಿರಾದ ಸರ್, ನೀವು ಹೇಳಿದ್ದೇ ಆಗಿತ್ತು! ನನ್ನ ಪಟ್ಟಿಯಲ್ಲಿ ಪ್ರತಿ ಸೋಲಿನ ಎದುರಿಗೂ ಲಯ ಬಿದ್ದಂತೆ ಕಾಣುತ್ತಿತ್ತು. ಅದನ್ನೇ ನಂಬಿ ಹುಡುಗರಿಗೂ ಹಾಗೇ ಹೇಳಿಬಿಟ್ಟಿದ್ದೆ. ಈಗ ಎರಡು ಕಡೆ ಎರಡು ಹೆಸರು ಹಾಕಿದ್ದೇನೆ. ಪುಟದ ಮೇಲಿನ ಚೌಕದಲ್ಲಿ ‘ಈಗಿನ ಲಯ’, ಅಲ್ಲಿ ಸರಿಸದ ಸಂಖ್ಯೆ. ಪಂದ್ಯಗಳ ಪಟ್ಟಿಯಲ್ಲಿ ‘ಕಣಕ್ಕಿಳಿದಾಗಿನ ಲಯ’, ಅಲ್ಲಿ ಸರಿಸಿದ್ದು. ಪಟ್ಟಿಯ ಮೊದಲ ಐದು ಸಾಲು ಖಾಲಿ ಬರುತ್ತವೆ. ಅಲ್ಲಿ ಸೊನ್ನೆ ತುಂಬದೆ ಖಾಲಿಯೇ ಬಿಟ್ಟೆ.

ಗೋಲಿನ ಗೆರೆಗೆ ಇನ್ನೂ ಹೆಸರಿಲ್ಲ. ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಎರಡಕ್ಕೂ 5 ಪಂದ್ಯಗಳ ಸರಾಸರಿ ಎಳೆದಿದ್ದೇನೆ. ‘ಏರಿಳಿತ’ ಅಂದರೆ ಒಂದೊಂದು ಪಂದ್ಯದ ಕುಣಿತ ಕಣ್ಣಿಗೆ ಬರುತ್ತದೆ, ಈ ಗೆರೆ ಇರುವುದೇ ಅದನ್ನು ಸವರಿಹಾಕಲು.

ತಿಪಟೂರಿನಿಂದ: ‘ಗೋಲಿನ ಜಾಡು’?

ಶಿರಾದಿಂದ: ಜಾಡು ಹಿಂದೆ ಹೋದವರದು. ‘ಒಲವು’ ನೋಡಿ.