ರಾತ್ರಿ ಸೀನ್ ಕತ್ತಲಾಗುವ ಟಿವಿ: ಗ್ರೂಪಿನಲ್ಲಿ ದೊಡ್ಡಪ್ಪನ ಉತ್ತರ

"ದೊಡ್ಡಪ್ಪ, ಹೊಸ ಟಿವಿ ತಗೊಂಡ್ವಲ್ಲ, ರಾತ್ರಿ ಸೀನ್ ಬಂದ್ರೆ ಏನೂ ಕಾಣಲ್ಲ. ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರೆ ಕಪ್ಪೆಲ್ಲ ಬೂದಿ ಬಣ್ಣ ಆಗುತ್ತೆ. ಅಂಗಡಿಯವರು ಟಿವಿನೇ ಹಂಗೆ ಅಂತಾರೆ. ಏನ್ ಮಾಡೋದು?"

ನೋಡವ್ವ, ಟೈಪ್ ಮಾಡೋಕೆ ಕೂತರೆ ಸಂಜೆ ಆಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ರಿಮೋಟ್ ಕೈಯಲ್ಲಿ ಹಿಡಿದುಕೊಂಡು ಕೇಳು.

ಮೊದಲು ಆ ಬ್ರೈಟ್‌ನೆಸ್ ಅನ್ನೋ ಹೆಸರೇ ಮೋಸ. ನಾನು ಮಂಡಿಪೇಟೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಕಾಲಕ್ಕೆ ಎಲ್ಲ ಡಬ್ಬಾ ಟಿವಿಗಳು. ದೂರದರ್ಶನದವರು ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣದ ಪಟ್ಟಿ ಬಿಡುತ್ತಿದ್ದರು. ಅದನ್ನು ನೋಡಿಕೊಂಡೇ ನಾವು ಸೆಟ್ ಮಾಡುತ್ತಿದ್ದೆವು. ಆಗಿನಿಂದಲೂ ಬ್ರೈಟ್‌ನೆಸ್ ಗುಂಡಿಯ ಕೆಲಸ ಒಂದೇ, ಕಪ್ಪು ಎಲ್ಲಿಂದ ಶುರುವಾಗಬೇಕು ಅಂತ ಹೇಳೋದು. ಬಿಳಿ ಎಷ್ಟರವರೆಗೆ ಹೋಗಬೇಕು ಅನ್ನೋದನ್ನು ಹೇಳುವುದು ಕಾಂಟ್ರಾಸ್ಟ್. ಪರದೆಯ ಬೆಳಕಿಗೆ ಈಗ ಬ್ಯಾಕ್‌ಲೈಟ್ ಅಂತ ಬೇರೆಯೇ ಇದೆ. ಇನ್ನೊಂದು ಗೊಂದಲ ಏನಂದರೆ ಕೆಲವು ಟಿವಿಗಳಲ್ಲಿ ಬ್ಯಾಕ್‌ಲೈಟಿಗೇ ಬ್ರೈಟ್‌ನೆಸ್ ಅಂತ ಹೆಸರಿಟ್ಟು, ಹಳೆಯ ಬ್ರೈಟ್‌ನೆಸ್ಸನ್ನು ಬ್ಲ್ಯಾಕ್ ಲೆವೆಲ್ ಅಂತ ಕರೆಯುತ್ತಾರೆ. ಇದನ್ನು ಹೀಗೆ ಪತ್ತೆ ಮಾಡು: ಕಡಿಮೆ ಮಾಡಿದಾಗ ಕಪ್ಪಿನ ವಿವರ ಉಳಿದು ಇಡೀ ಚಿತ್ರ ಮಾತ್ರ ಮಂಕಾದರೆ ಅದು ಬ್ಯಾಕ್‌ಲೈಟ್. ಕೂದಲು, ಕಪ್ಪು ಬಟ್ಟೆ ಇಂಥವು ಮುದ್ದೆಯಾದರೆ ಅದು ನಮಗೆ ಬೇಕಾದ ಗುಂಡಿ.

ಇನ್ನು ಕೆಲಸ. AVS HD 709 ಅಂತ ಪುಕ್ಕಟೆ ಸಿಗುವ ಟೆಸ್ಟ್ ಪ್ಯಾಟರ್ನ್‌ಗಳಿವೆ, ಆ ಬಣ್ಣದ ಪಟ್ಟಿಯ ಹಾಗೆ ಟಿವಿ ಸೆಟ್ ಮಾಡೋಕೆ ಅಂತಲೇ ಇರುವ ಚಿತ್ರಗಳು. MP4 ಇರುವುದನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕು. ಸುಮ್ನೆ ಫೋಟೋ ಹುಡುಕಿ ಹಾಕಬೇಡ. ವಿಡಿಯೋದಲ್ಲಿ ಬೆಳಕಿಗೆ ನಂಬರ್ ಕೊಟ್ಟಿರುತ್ತಾರೆ, ಕಪ್ಪು ಅಂದರೆ 16, ಬಿಳಿ ಅಂದರೆ 235. ಫೋಟೋದಲ್ಲಿ 0ರಿಂದ 255. ಲೆಕ್ಕವೇ ಬೇರೆ, ಕಪ್ಪಿಗಿಂತ ಕೆಳಗಿನ ಪಟ್ಟಿ ಅದರಲ್ಲಿ ಇರುವುದೇ ಇಲ್ಲ.

ರಾತ್ರಿ, ನೀವು ದಿನಾ ಟಿವಿ ನೋಡುವಾಗ ಎಷ್ಟು ಲೈಟ್ ಇರುತ್ತದೋ ಅಷ್ಟೇ ಹಾಕಿಕೊಂಡು, ಮಂಡಕ್ಕಿ ತಿನ್ನುತ್ತಾ ಕೂರುವ ಜಾಗದಲ್ಲೇ ಕೂರು. ಪಕ್ಕದಿಂದ ನೋಡಿದರೆ ಕಪ್ಪು ಬೇರೆ ತರಹ ಕಾಣುತ್ತದೆ. ಪಿಕ್ಚರ್ ಮೋಡ್ ಸಿನಿಮಾ ಅಥವಾ ಮೂವಿ ಅಂತ ಇಡು. ವಿವಿಡ್ ಅಂಗಡಿಯ ಬೆಳಕಿಗೆ ಮಾಡಿದ್ದು, ಮನೆಗಲ್ಲ. ಆಮೇಲೆ ಡೈನಾಮಿಕ್ ಕಾಂಟ್ರಾಸ್ಟ್, ಎಕೋ ಅಥವಾ ಎನರ್ಜಿ ಸೇವಿಂಗ್, ಲೋಕಲ್ ಡಿಮ್ಮಿಂಗ್ ಇದ್ದರೆ ಅದೂ, ಎಲ್ಲ ಆಫ್ ಮಾಡು. ಇವು ಆನ್ ಇದ್ದರೆ ಪ್ಯಾಟರ್ನ್ ಪೂರ್ತಿ ಕಪ್ಪಾಗಿರುವುದನ್ನು ನೋಡಿ ಟಿವಿಯೇ ಬೆಳಕು ಇಳಿಸಿಬಿಡುತ್ತದೆ. ನೀನು ಒಂದು ಕಡೆ ತಿರುಗಿಸಿದರೆ ಅದು ಇನ್ನೊಂದು ಕಡೆ ತಿರುಗಿಸುತ್ತದೆ.

ಈಗ ಪೆನ್ ಡ್ರೈವಿನಿಂದ Black Clipping ಅನ್ನೋ ಪ್ಯಾಟರ್ನ್ ಹಾಕು. ನಂಬರ್ ಬರೆದ ಪಟ್ಟಿಗಳು ಮಿನುಗುತ್ತಿರುತ್ತವೆ. 16 ಮತ್ತು ಅದರ ಕೆಳಗಿನವು ಹಿನ್ನೆಲೆಯಲ್ಲಿ ಮುಳುಗಬೇಕು, 17 ಹೌದೋ ಅಲ್ಲವೋ ಅನ್ನುವಷ್ಟು ಕಾಣಬೇಕು. ಇಷ್ಟೇ. ಮೊದಲು ಬ್ರೈಟ್‌ನೆಸ್ ಮೇಲಕ್ಕೆ ಒಯ್ದು 14, 15 ಕೂಡ ಮಿನುಗುವ ಹಾಗೆ ಮಾಡು. ಆಮೇಲೆ ಒಂದೊಂದೇ ಇಳಿಸುತ್ತಾ ಬಾ. ಮೇಲಿಂದ ಇಳಿದರೆ ಕಣ್ಣಿಗೆ ಗೊತ್ತಾಗುವುದು ಸುಲಭ.

ಹೋದ ತಿಂಗಳು ಎದುರು ಮನೆಯವರ 43 ಇಂಚಿನ ಟಿವಿ ಮಾಡಿಕೊಟ್ಟೆ. ಅದು ಬಂದಾಗ ಬ್ರೈಟ್‌ನೆಸ್ 50ರಲ್ಲಿತ್ತು. 20ರ ಕೆಳಗೆ ಒಂದು ಪಟ್ಟಿಯೂ ಇಲ್ಲ, ನಿನ್ನ ಟಿವಿಯ ಹಾಗೇ. 58ಕ್ಕೆ ಏರಿಸಿದಾಗ 15 ಮಿನುಗಿತು, ಪರದೆಯೆಲ್ಲ ಬೂದಿ. ಇಳಿಸುತ್ತಾ ಬಂದು 54ರಲ್ಲಿ 17 ಮತ್ತು ಅದರ ಮೇಲಿನವು ಮಾತ್ರ ಉಳಿದವು. ನಾಲ್ಕೇ ಅಂಕದ ವ್ಯತ್ಯಾಸ, ಅಷ್ಟಕ್ಕೇ ಅವರು ಟಿವಿ ವಾಪಸ್ ಕೊಡೋಕೆ ಹೊರಟಿದ್ದರು.

ಆಮೇಲೆ White Clipping. ಇದರಲ್ಲಿ 230ರಿಂದ ಮೇಲಕ್ಕೆ ಪಟ್ಟಿಗಳಿವೆ. 234ರವರೆಗಿನವು ಬೇರೆ ಬೇರೆಯಾಗಿ ಕಾಣಲೇಬೇಕು. ಅದಕ್ಕಿಂತ ಮೇಲಿನವು ಕಂಡರೆ ಒಳ್ಳೆಯದು, ಕಾಣದಿದ್ದರೂ ತೊಂದರೆ ಇಲ್ಲ. ಅವರ ಕಾಂಟ್ರಾಸ್ಟ್ 100ರಲ್ಲಿತ್ತು, ಎಲ್ಲ ಒಂದೇ ಬಿಳಿ ಗೋಡೆ. ಮದುವೆ ವಿಡಿಯೋದಲ್ಲಿ ಬಿಳಿ ಪಂಚೆಯ ನೆರಿಗೆಯೇ ಮಾಯ ಅಂತ ಹೇಳುತ್ತಿದ್ದರಲ್ಲ, ಅದಕ್ಕೆ ಕಾರಣ ಇದೇ. 90ಕ್ಕೆ ತಂದಾಗ ಬಿಡಿಬಿಡಿಯಾಯಿತು. ಇಳಿಸುವಾಗ ಬಿಳಿಗೆ ಗುಲಾಬಿಯೋ ನೀಲಿಯೋ ಛಾಯೆ ಇದೆಯಾ ಅಂತಲೂ ನೋಡು. ಇದ್ದರೆ ಯಾವುದೋ ಒಂದು ಬಣ್ಣ ಮೊದಲೇ ತುದಿ ಮುಟ್ಟಿದೆ, ಅದು ಹೋಗುವವರೆಗೆ ಇನ್ನೂ ಸ್ವಲ್ಪ ಇಳಿಸು. ಕಾಂಟ್ರಾಸ್ಟ್ ಮುಟ್ಟಿದರೆ ಕಪ್ಪೂ ಸ್ವಲ್ಪ ಜರುಗುತ್ತದೆ, ಅದಕ್ಕೆ ವಾಪಸ್ Black Clipping ಹಾಕಿ ನೋಡು. ಅವರದು 54 ಇದ್ದದ್ದು 53 ಆಯಿತು.

ಶಾರ್ಪ್‌ನೆಸ್ಸಿಗೆ ಬೇರೆ ಪ್ಯಾಟರ್ನ್ ಇದೆ, ಬೂದಿ ಹಿನ್ನೆಲೆ ಮೇಲೆ ಸಣ್ಣ ಕಪ್ಪು ಗೆರೆಗಳು. ಮೊದಲು ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಅಂತ ಇರುವುದನ್ನು ಆನ್ ಮಾಡು. ಇಲ್ಲದಿದ್ದರೆ ಟಿವಿ ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸುತ್ತದೆ, ಗೆರೆ ತಾನಾಗೇ ಮಸುಕಾಗುತ್ತದೆ. ಕಪ್ಪು ಗೆರೆಯ ಪಕ್ಕದಲ್ಲಿ ಬಿಳಿ ನೆರಳಿನ ಹಾಗೆ ಇನ್ನೊಂದು ಗೆರೆ ಕಂಡರೆ ಅದು ಟಿವಿ ಸೇರಿಸಿದ್ದು. ಅದು ಹೋಗುವವರೆಗೆ ಶಾರ್ಪ್‌ನೆಸ್ ಇಳಿಸು, ಗೆರೆಯೇ ಮಸುಕಾಗೋಕೆ ಶುರುವಾದರೆ ಒಂದು ಹೆಜ್ಜೆ ಹಿಂದೆ ಬಾ. ಕೆಲವು ಟಿವಿಯಲ್ಲಿ ಆ ಜಾಗ 0, ಕೆಲವಲ್ಲಿ ನಡುವೆ ಎಲ್ಲೋ ಇರುತ್ತದೆ, ಅದಕ್ಕೇ ಇನ್ನೊಬ್ಬರ ನಂಬರ್ ಕಾಪಿ ಮಾಡಬಾರದು. ಮೊದಲೆರಡು ದಿನ ಚಿತ್ರ ಮೆತ್ತಗೆ ಅನಿಸುತ್ತದೆ. ಅಭ್ಯಾಸವಾದ ಮೇಲೆ ಹಳೆಯದಕ್ಕೆ ಹೋದರೆ ಮುಖದ ಸುತ್ತ ಗೀಚಿದ ಹಾಗೆ ಕಾಣುತ್ತದೆ. ಬಣ್ಣ ಮಾತ್ರ ಹೀಗೆ ಕಣ್ಣಲ್ಲಿ ಸರಿ ಮಾಡೋಕೆ ಹೋಗಬೇಡ, ಅದಕ್ಕೆ ಮೀಟರ್ ಬೇಕು.

ಇಷ್ಟಾದ ಮೇಲೂ ಲೈಟ್ ಆರಿಸಿದಾಗ ಕಪ್ಪು ಬೂದಿಯಾಗಿಯೇ ಕಂಡರೆ ಅದು ಪ್ಯಾನೆಲ್‌ನ ಮಿತಿ. ಅಲ್ಲಿ ಮಾತ್ರ ಅಂಗಡಿಯವರು ಹೇಳಿದ್ದು ನಿಜ. ಬ್ರೈಟ್‌ನೆಸ್ ಇಳಿಸಿ ಮುಚ್ಚಿಹಾಕಬೇಡ, ಮತ್ತೆ ವಿವರ ಹೋಗುತ್ತದೆ. ಬ್ಯಾಕ್‌ಲೈಟ್ ಸ್ವಲ್ಪ ತಗ್ಗಿಸು, ಟಿವಿಯ ಹಿಂದೆ ಒಂದು ಸಣ್ಣ ಬಲ್ಬ್ ಇಡು.

ಇನ್ನೊಂದು ಮರೆತಿದ್ದೆ. ಪೆನ್ ಡ್ರೈವಲ್ಲಿ ಮಾಡಿದ್ದು ಎಷ್ಟೋ ಟಿವಿಯಲ್ಲಿ ಸೆಟ್‌ಟಾಪ್ ಬಾಕ್ಸಿಗೆ ಅನ್ವಯಿಸುವುದಿಲ್ಲ. HDMIಗೆ ಬದಲಾಯಿಸಿ ಅದೇ ನಂಬರ್‌ಗಳನ್ನು ಅಲ್ಲೂ ಕೂರಿಸು. ಪೆನ್ ಡ್ರೈವಲ್ಲಿ ಸರಿಯಾಗಿದ್ದು ಬಾಕ್ಸಲ್ಲಿ ಮಾತ್ರ ಕತ್ತಲಾದರೆ ತಪ್ಪು ಬ್ರೈಟ್‌ನೆಸ್ಸಿನದಲ್ಲ. ಬಾಕ್ಸ್ 0ಯಿಂದ ಕಳಿಸುತ್ತಿದೆ, ಟಿವಿ 16ರಿಂದ ಅಂತ ತಿಳಿದುಕೊಂಡಿದೆ, ನಡುವಿನದೆಲ್ಲ ಕಪ್ಪಾಗಿದೆ. ಉಲ್ಟಾ ಆದರೆ ಎಲ್ಲ ಬೂದಿ. HDMI ಬ್ಲ್ಯಾಕ್ ಲೆವೆಲ್ ಅಂತಲೋ ರೇಂಜ್ ಅಂತಲೋ ಟಿವಿ ಮೆನುವಿನಲ್ಲಿ ಇರುತ್ತದೆ, ಅದನ್ನು ಬದಲಿಸಿ ನೋಡು. ಸಿಗದಿದ್ದರೆ ಮೆನುವಿನ ಫೋಟೋ ಗ್ರೂಪಿಗೆ ಹಾಕು. ಪ್ಯಾಟರ್ನಿನ ಫೋಟೋ ಬೇಡ, ಮೊಬೈಲ್ ಕ್ಯಾಮೆರಾ ತನಗೆ ಬೇಕಾದ ಹಾಗೆ ಬೆಳಕು ಏರಿಸಿಕೊಂಡು ತೆಗೆಯುತ್ತದೆ, ಅದರಲ್ಲಿ 17 ಕಂಡಿತೋ 15 ಕಂಡಿತೋ ನನಗೆ ಏನೂ ಗೊತ್ತಾಗುವುದಿಲ್ಲ.