ಸ್ಟಾಕ್ ಎಣಿಸುವಾಗ ಪ್ರತಿ ಸಲ ಒಂದೆರಡು ಶೆಲ್ಫ್ ಬಿಟ್ಟುಹೋಗುತ್ತಿವೆ. ಹಾಳೆ ಹೇಗೆ ಮಾಡಬೇಕು?

ಅರಸೀಕೆರೆ ದಿನಸಿ:
ನಮ್ಮದು ಚಿಕ್ಕ ದಿನಸಿ ಅಂಗಡಿ. ಆರು ರ‍್ಯಾಕ್, ಒಂದೊಂದರಲ್ಲಿ ಐದು ಶೆಲ್ಫ್. ಹಿಂದೆ ಒಂದು ಸಣ್ಣ ಗೋಡೌನ್ ಇದೆ. ಮಾರ್ಚ್ 31ಕ್ಕೆ ಸ್ಟಾಕ್ ಲೆಕ್ಕ ಬೇಕು ಅಂತ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಐಟಂ ಪಟ್ಟಿ ಪ್ರಿಂಟ್ ತೆಗೆದೆ. 16 ಪುಟ ಬಂತು, ಎಲ್ಲ ಅಕ್ಷರದ ಕ್ರಮದಲ್ಲಿ. ಇಬ್ಬರು ಹುಡುಗರಿಗೆ ಎಂಟೆಂಟು ಪುಟ ಕೊಟ್ಟೆ.

ಕೊನೆಗೆ ನೋಡಿದರೆ 41 ಸಾಲು ಖಾಲಿ. ಮಾಲು ಇಲ್ಲದ್ದಕ್ಕೆ ಖಾಲಿಯೋ, ನೋಡದೇ ಬಿಟ್ಟದ್ದೋ ಗೊತ್ತಾಗಲಿಲ್ಲ. 250 ಗ್ರಾಂ ಚಹಾಪುಡಿ ಸಾಫ್ಟ್‌ವೇರ್‌ನಲ್ಲಿ 66 ಪ್ಯಾಕೆಟ್, ಹಾಳೆಯಲ್ಲಿ 40. ಒಬ್ಬ 18 ಬರೆದಿದ್ದಾನೆ, ಇನ್ನೊಬ್ಬ ಅದನ್ನು ಹೊಡೆದು 40 ಮಾಡಿದ್ದಾನೆ. ಹುಡುಗರು ಒಳ್ಳೆಯವರು, ಬೇಕಂತ ಮಾಡಿದ್ದಲ್ಲ. ಹಾಳೆಯಲ್ಲೇ ಏನೋ ತಪ್ಪಿದೆ ಅನಿಸುತ್ತಿದೆ.

ಹೊಸಪೇಟೆ ಕಿರಾಣಿ:
ನಮ್ಮಲ್ಲೂ ಇದೇ ಕಥೆ ಅಕ್ಕ. ಬೇಳೆ ಮೂಟೆ ಬಿಚ್ಚಿ ಚಿಲ್ಲರೆ ಮಾರಿದರೆ ಪ್ರತಿ ಮೂಟೆಗೂ ಸ್ವಲ್ಪ ತೂಕ ಕಡಿಮೆ ಬರುತ್ತದೆ. ಮೊದಲು ನಿಮ್ಮ ತಕ್ಕಡಿ ಪರೀಕ್ಷೆ ಮಾಡಿಸಿ.

ಅರಸೀಕೆರೆ ದಿನಸಿ:
ತೂಕದ ವ್ಯತ್ಯಾಸ ಬೇರೆ ವಿಷಯ ಅಣ್ಣ. ಇಲ್ಲಿ ಮಾಲು ಕಣ್ಣೆದುರಿಗೇ ಇದೆ, ಹಾಳೆಗೆ ಬಂದಿಲ್ಲ.

ಕುಂದಾಪುರ ಅಂಗಡಿ:
ಪಟ್ಟಿಯನ್ನು ಅಕ್ಷರದ ಕ್ರಮದಲ್ಲಿ ಕೊಡಬೇಡಿ, ರ‍್ಯಾಕ್ ಪ್ರಕಾರ ಕೊಡಿ. ನಾನು ಒಂದೊಂದು ಶೆಲ್ಫ್‌ನಲ್ಲಿ ಏನೇನು ಇರುತ್ತದೋ ಅದರ ಹೆಸರು ಪ್ರಿಂಟ್ ಮಾಡುತ್ತೇನೆ. ಪಕ್ಕದಲ್ಲಿ ಸಾಫ್ಟ್‌ವೇರ್‌ನ ಸಂಖ್ಯೆಯೂ ಇರುತ್ತದೆ. ಹುಡುಗ ಬರೀ ಟಿಕ್ ಹಾಕಿದರೆ ಸಾಕು. ಅರ್ಧ ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಹಳೆ ಖಾತೆ:
ಇಪ್ಪತ್ತು ವರ್ಷ ಸಗಟು ಅಂಗಡಿಯಲ್ಲಿ ಸ್ಟಾಕ್ ನೋಡಿಕೊಂಡಿದ್ದೇನೆ, ಅದರ ಮೇಲೆ ಹೇಳುತ್ತೇನೆ. ರ‍್ಯಾಕ್ ಪ್ರಕಾರ ಎಂಬುದು ಸರಿ. ಆದರೆ ಸಾಫ್ಟ್‌ವೇರ್ ಸಂಖ್ಯೆ ಹಾಳೆಯಲ್ಲಿ ಇರಲೇಬಾರದು. 24 ಅಂತ ಕಂಡ ಮೇಲೆ ಸುಸ್ತಾದ ಹುಡುಗ ಎಣಿಸುವುದಿಲ್ಲ, ಒಂದು ಸಲ ನೋಡಿ ಟಿಕ್ ಹಾಕುತ್ತಾನೆ. ಎರಡು ಗಂಟೆಯಲ್ಲಿ ಮುಗಿಯುವುದು ಅದಕ್ಕೇ.

ಅಕ್ಕಾವರ ಚಹಾಪುಡಿ ನೋಡಿ. ಅದು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು ಅಲ್ವಾ? ಹಾಳೆಯಲ್ಲಿ ಅದಕ್ಕೆ ಇರುವುದು ಒಂದೇ ಸಾಲು. ಹಾಗಾಗಿ ಎರಡನೆಯವನು ಮೊದಲಿನವನದು ತಪ್ಪು ಅಂತ ಹೊಡೆದುಹಾಕಿದ. ಹಾಳೆಯ ಸಾಲು ಐಟಂನದ್ದು ಆಗಬಾರದು, ಜಾಗದ್ದು ಆಗಬೇಕು.

ಮೊದಲು ಅಂಗಡಿಯ ಜಾಗಗಳಿಗೆ ನಂಬರ್ ಕೊಡಿ. ಒಂದನೇ ರ‍್ಯಾಕಿನ ಶೆಲ್ಫ್‌ಗಳು ಮೇಲಿನಿಂದ ಕೆಳಗೆ 11ರಿಂದ 15. ಎರಡನೆಯದು 21ರಿಂದ 25. ಹೀಗೆ 65ರವರೆಗೆ. ನಂಬರನ್ನು ದಪ್ಪಗೆ ಬರೆದು ಶೆಲ್ಫ್‌ನ ಅಂಚಿಗೇ ಅಂಟಿಸಿ. ಆಮೇಲೆ ಬಾಗಿಲಿನಿಂದ ಗೋಡೌನ್ ತನಕ ಒಂದು ಸುತ್ತು ನಡೆಯಿರಿ. ಮಾಲು ಇಡಬಹುದಾದ ಜಾಗ ಕಂಡಲ್ಲೆಲ್ಲ ಒಂದು ನಂಬರ್ ಅಂಟಿಸಿ. ಈಗ ಅಲ್ಲಿ ಏನೂ ಇಲ್ಲದಿದ್ದರೂ ಅಂಟಿಸಿ.

ಅರಸೀಕೆರೆ ದಿನಸಿ:
ನಡೆದು ನೋಡಿದೆ ಸರ್. ರ‍್ಯಾಕ್‌ನಲ್ಲಿ 30. ಕೌಂಟರ್ ಕೆಳಗೆ, ಕೌಂಟರ್ ಮೇಲಿನ ಡಬ್ಬಿಗಳು, ಶಾಂಪೂ ಸರ ನೇತುಹಾಕುವ ತಂತಿ, ಫ್ರಿಜ್, ಬಾಗಿಲ ಹತ್ತಿರದ ಮೂಟೆಗಳು ಸೇರಿ 5, ಇವು 71ರಿಂದ 75. ಗೋಡೌನ್ ನಾಲ್ಕು ಭಾಗ, 81ರಿಂದ 84. ಒಟ್ಟು 39. ಚಹಾಪುಡಿ ನಿಜಕ್ಕೂ ಮೂರು ಕಡೆ ಇತ್ತು.

ಹಳೆ ಖಾತೆ:
ರ‍್ಯಾಕ್‌ಗಳ ನೆತ್ತಿ ಬಿಟ್ಟಿದ್ದೀರಿ. ಅಲ್ಲೇ ರಟ್ಟಿನ ಪೆಟ್ಟಿಗೆ ಏರಿಸಿ ಮರೆಯುವುದು. ಅವಕ್ಕೆ 10, 20 ಹೀಗೆ 60ರ ತನಕ ಕೊಡಿ. ಈಗ 45 ಆಯಿತು.

ಒಂದು ಜಾಗಕ್ಕೆ ಒಂದು ಹಾಳೆ, ಅರ್ಧ ಎ4 ಸಾಕು. ನೆತ್ತಿಯಲ್ಲಿ ಜಾಗದ ನಂಬರ್ ಮೊದಲೇ ಪ್ರಿಂಟ್ ಆಗಿರಲಿ. ಅದರ ಕೆಳಗೆ 'ಎಷ್ಟು ಬಗೆ' ಅಂತ ಒಂದು ಚೌಕ. ಎಣಿಸುವವನು ಸಂಖ್ಯೆ ಬರೆಯುವ ಮೊದಲು ಎಡದಿಂದ ಬಲಕ್ಕೆ ಬೆರಳಿಟ್ಟು ಆ ಶೆಲ್ಫ್‌ನಲ್ಲಿ ಎಷ್ಟು ಬಗೆಯ ಮಾಲಿದೆ ಅಂತ ಎಣಿಸಿ ಅಲ್ಲಿ ಬರೆಯಲಿ. ಮುಂದಿನ ಸಾಲನ್ನು ಸರಿಸಿ ಹಿಂದೆಯೂ ನೋಡಲಿ, ಸೋಪಿನ ಹಿಂದೆ ಬೇರೆ ಸೋಪು ಇರುತ್ತದೆ. 9 ಬಗೆ ಅಂತ ಬರೆದು 8 ಸಾಲು ತುಂಬಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇಡೀ ಶೆಲ್ಫ್ ಬಿಟ್ಟದ್ದನ್ನು ಹಿಡಿಯುವುದು ಸುಲಭ. ಅರ್ಧ ಎಣಿಸಿದ್ದನ್ನು ಹಿಡಿಯುವುದಕ್ಕೆ ಈ ಚೌಕ ಬೇಕು.

ಏನೂ ಇಲ್ಲದ ಜಾಗದಲ್ಲಿ 'ಖಾಲಿ' ಅಂತ ಬರೆದು ಸಹಿ ಹಾಕಬೇಕು. ಏನೂ ಬರೆಯದ ಹಾಳೆ ವಾಪಸ್ ತೆಗೆದುಕೊಳ್ಳಬೇಡಿ. ಕೊಟ್ಟದ್ದು 45 ಆದರೆ ಬಂದದ್ದೂ 45 ಇರಬೇಕು.

ಕುಂದಾಪುರ ಅಂಗಡಿ:
ಸಾಫ್ಟ್‌ವೇರ್ ಸಂಖ್ಯೆ ತೆಗೆಯುತ್ತೇನೆ, ಒಪ್ಪಿದೆ. ಆದರೆ ಐಟಂ ಹೆಸರಾದರೂ ಪ್ರಿಂಟ್ ಇರಲಿ. ಹುಡುಗರು 'ಬಿಸ್ಕತ್ 10ರದ್ದು' ಅಂತ ಬರೆದರೆ ಯಾವ ಬಿಸ್ಕತ್ ಅಂತ ಹುಡುಕುವುದು?

ಹಳೆ ಖಾತೆ:
ಆ ತೊಂದರೆ ನಿಜ. ಆದರೆ ಹೆಸರು ಪ್ರಿಂಟ್ ಇದ್ದರೆ ಅವರು ಹೆಸರಿಗೆ ಮಾಲು ಹುಡುಕುತ್ತಾರೆ. ಬೇರೆ ಶೆಲ್ಫ್‌ನಿಂದ ಬಂದು ಕೂತದ್ದು ಕಣ್ಣಿಗೆ ಬೀಳುವುದಿಲ್ಲ. ನಾನು ಖಾಲಿ ಸಾಲುಗಳ ಪರ.

ಕುಂದಾಪುರ ಅಂಗಡಿ:
ಹೆಸರಿನ ಕೆಳಗೆ ಐದು ಖಾಲಿ ಸಾಲು ಬಿಡುತ್ತೇನೆ. ನನಗೆ ಇದೇ ಸರಿ ಕಾಣುತ್ತದೆ.

ಲೆಕ್ಕದ ಹುಡುಗಿ:
ಕಂಪ್ಯೂಟರ್‌ಗೆ ಹಾಕುವಾಗ ಬಿಟ್ಟುಹೋದ ಜಾಗವನ್ನು ಅದೇ ತೋರಿಸುವ ಹಾಗೆ ಮಾಡಬಹುದು. `Count` ಎಂಬ ಶೀಟ್‌ನಲ್ಲಿ A ಜಾಗದ ನಂಬರ್, B ಐಟಂ, C ಸಂಖ್ಯೆ. ಖಾಲಿ ಜಾಗಕ್ಕೂ ಒಂದು ಸಾಲು ಹಾಕಿ. ಇನ್ನೊಂದು ಶೀಟ್‌ನ A ಕಾಲಂನಲ್ಲಿ 45 ಜಾಗಗಳ ಪಟ್ಟಿ ಇಟ್ಟು B2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(COUNTIF(Count!A:A,A2)=0,"ಬಿಟ್ಟಿದೆ","")
```

ಮೂರನೇ ಶೀಟ್‌ನ A ಕಾಲಂನಲ್ಲಿ ಐಟಂ ಹೆಸರುಗಳಿರಲಿ. ಮೂರು ಕಡೆ ಇರುವ ಚಹಾಪುಡಿಯನ್ನು ಇದು ಕೂಡಿಸುತ್ತದೆ:

```
=SUMIF(Count!B:B,A2,Count!C:C)
```

ಹೆಸರಿನ ಸ್ಪೆಲ್ಲಿಂಗ್ ಎರಡೂ ಕಡೆ ಒಂದೇ ಇರಬೇಕು. ಪೆಟ್ಟಿಗೆಯನ್ನು 1 ಅಂತ ಹಾಕಬೇಡಿ, ಒಳಗಿನ ಪ್ಯಾಕೆಟ್ ಲೆಕ್ಕ ಹಾಕಿ.

ಅರಸೀಕೆರೆ ದಿನಸಿ:
ನಿನ್ನೆ ರಾತ್ರಿ ಶಟರ್ ಎಳೆದ ಮೇಲೆ ಮಾಡಿದೆವು. ಒಬ್ಬ 10ರಿಂದ 35, ಇನ್ನೊಬ್ಬ 40ರಿಂದ 65. ಉಳಿದದ್ದು ನಾನು. ಹಾಳೆ ಒಟ್ಟು ಮಾಡದೆ ಮೊದಲು ಕಂಪ್ಯೂಟರ್‌ಗೇ ಹಾಕಿದೆ, ಅದು ನನ್ನ ಅವಸರ. 40 ಮತ್ತು 83ರ ಎದುರಿಗೆ 'ಬಿಟ್ಟಿದೆ' ಅಂತ ಬಂತು. 83 ನನ್ನದೇ, ಹಾಳೆ ಮೂಟೆಯ ಮೇಲೆ ಉಳಿದಿತ್ತು. 40 ನಾಲ್ಕನೇ ರ‍್ಯಾಕಿನ ನೆತ್ತಿ. ಏಣಿ ಹಾಕಿ ನೋಡಿದರೆ ಎರಡು ಪೆಟ್ಟಿಗೆ ಸೋಪು! ಹೋದ ಸಲ ಲೆಕ್ಕಕ್ಕೆ ಬಾರದ ಸೋಪು ಅದೇ ಅಂತ ಕಾಣುತ್ತದೆ.

ಚಹಾಪುಡಿ ಶೆಲ್ಫ್‌ನಲ್ಲಿ 18, ಕೌಂಟರ್ ಕೆಳಗೆ 6, ಗೋಡೌನ್‌ನಲ್ಲಿ ಒಡೆಯದ ಪೆಟ್ಟಿಗೆ 40. ಒಟ್ಟು 64. ನಡುವೆ ಹೊಸ ಮಾಲು ಬಂದಿಲ್ಲ. ಮೊನ್ನೆಯ ಬಿಲ್‌ನಲ್ಲಿ ಎರಡು ಪ್ಯಾಕೆಟ್ ಮಾರಿದ್ದು ಸಿಕ್ಕಿತು, ಲೆಕ್ಕ ಸರಿಹೋಯಿತು. 'ಎಷ್ಟು ಬಗೆ' ಚೌಕದಿಂದ ಮೂರು ಶೆಲ್ಫ್‌ನಲ್ಲಿ ತಪ್ಪು ಸಿಕ್ಕಿತು, ಮೂರೂ ಹಿಂದಿನ ಸಾಲಿನದ್ದೇ.

ಒಂದು ಉಳಿದಿದೆ. ಪ್ರತಿ ತಿಂಗಳೂ ರಾತ್ರಿ 12ರವರೆಗೆ ಹುಡುಗರನ್ನು ಕೂರಿಸುವುದು ಸರಿಯಲ್ಲ. ವ್ಯಾಪಾರ ನಡೆಯುವಾಗಲೇ ದಿನಕ್ಕೆ ಒಂದೊಂದು ರ‍್ಯಾಕ್ ಎಣಿಸಬಹುದಾ?

ಹಳೆ ಖಾತೆ:
ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ರ‍್ಯಾಕ್ ಮಾಡಬಹುದು. ಆದರೆ ಅದೇ ಐಟಂ ಗೋಡೌನ್‌ನಲ್ಲೂ ಇದ್ದರೆ ಆ ಪೆಟ್ಟಿಗೆಯನ್ನೂ ಅದೇ ಬೆಳಿಗ್ಗೆ ಎಣಿಸಬೇಕು. ಇಲ್ಲದಿದ್ದರೆ ಇವತ್ತು ಗೋಡೌನ್‌ನಲ್ಲಿದ್ದದ್ದು ನಾಳೆ ಶೆಲ್ಫ್‌ಗೆ ಬಂದು ಎರಡು ಸಲ ಲೆಕ್ಕಕ್ಕೆ ಸಿಗುತ್ತದೆ. ಮಾರ್ಚ್ 31ರದ್ದನ್ನು ಮಾತ್ರ ನಾನು ಹೀಗೆ ಮಾಡುವುದಿಲ್ಲ.

ಹೊಸಪೇಟೆ ಕಿರಾಣಿ:
75ರ ಬಿಚ್ಚಿದ ಮೂಟೆಗಳನ್ನು ತೂಕ ಹಾಕಿದಿರಾ, ಅಂದಾಜು ಬರೆದಿರಾ ಅಕ್ಕ?

ಅರಸೀಕೆರೆ ದಿನಸಿ:
ಅಂದಾಜು ಅಣ್ಣ. ತೂಕ ಹಾಕಬೇಕಿತ್ತು. ಹಾಳೆಯಲ್ಲಿ ಅದಕ್ಕೆ ಬೇರೆ ಕಾಲಂ ಇಟ್ಟರೆ ಸಾಕಾ, ಇಲ್ಲ ಮೂಟೆಗೊಂದು ನಂಬರ್ ಕೊಡಬೇಕಾ, ಯಾರಾದರೂ ಮಾಡಿದ್ದರೆ ಹೇಳಿ.